ಒಟ್ಟಿಲಲ್ಲಿ ಮರವೆಷ್ಟು, ಗಾಳಿಯೆಷ್ಟು

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವ ಕೆಲಸ ಮುಗಿಯಬೇಕು. ಬಚ್ಚಲೊಲೆಗೆ, ಅಡಿಕೆ ಬೇಯಿಸುವ ಒಲೆಗೆ, ಮನೆಯಲ್ಲಿ ಮದುವೆ ಇದ್ದರೆ ಅದಕ್ಕೆ, ಎಲ್ಲಕ್ಕೂ ಬೇಕು. ಸ್ವಂತ ಬೆಟ್ಟವೋ ತೋಟದಂಚಿನ ಮರವೋ ಇಲ್ಲದವರು ಟ್ರಾಲಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅಲ್ಲಿ ಪ್ರತಿವರ್ಷ ನಡೆಯುವ ಒಂದು ಜಗಳವಿದೆ. ಟ್ರಾಲಿಯ ತೊಟ್ಟಿ ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರ ಅಂದುಕೊಳ್ಳಿ. ಅಂಚಿನವರೆಗೆ ಸೀಳು ಸೌದೆ ತುಂಬಿದರೆ 120 ಘನ ಅಡಿ. ಕೊಂಡವರು ಅದನ್ನು ಅಂಗಳದಲ್ಲಿ ಇಳಿಸಿಕೊಂಡು, ಕೊಟ್ಟಿಗೆಯ ಗೋಡೆಗೆ ಒತ್ತಿ ಸಾಲಾಗಿ ಒಟ್ಟಿ, ಪಟ್ಟಿ ಹಿಡಿದು ಅಳೆಯುತ್ತಾರೆ. 80 ಘನ ಅಡಿಯೂ ಆಗುವುದಿಲ್ಲ.

“ಮೂರರಲ್ಲಿ ಒಂದು ಪಾಲು ಎಲ್ಲಿ ಹೋಯ್ತು ಮಾರಾಯ್ರೇ?”

“ನಾನೇನು ದಾರಿಯಲ್ಲಿ ಇಳಿಸಿ ಬಂದ್ನಾ? ನಿಮ್ಮ ಕಣ್ಣೆದುರೇ ಖಾಲಿ ಮಾಡಿದ್ದಲ್ವಾ?”

ಇಬ್ಬರ ಮಾತೂ ನಿಜ. ದಾರಿಯಲ್ಲಿ ಒಂದು ತುಂಡೂ ಬಿದ್ದಿಲ್ಲ. ಟ್ರಾಲಿಗೆ ಎಸೆದು ತುಂಬಿದ ಸೌದೆಯಲ್ಲಿ ಗಟ್ಟಿ ಮರ ನೂರಕ್ಕೆ ನಲವತ್ತರಿಂದ ಐವತ್ತು ಪಾಲು ಮಾತ್ರ, ಉಳಿದದ್ದು ಗಾಳಿ. ಅದೇ ತುಂಡುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ಒತ್ತೊತ್ತಾಗಿ ಒಟ್ಟಿದರೆ ಗಟ್ಟಿ ಮರದ ಪಾಲು ಅರವತ್ತೈದು ಎಪ್ಪತ್ತರ ಹತ್ತಿರ ಬರುತ್ತದೆ. ಟ್ರಾಲಿಯಲ್ಲಿ ನೂರಕ್ಕೆ 45 ಎಂದು ಹಿಡಿದರೆ 120 ಘನ ಅಡಿಯಲ್ಲಿ ಇರುವ ಮರ 54 ಘನ ಅಡಿ. ಅದನ್ನು 68ರ ಲೆಕ್ಕದಲ್ಲಿ ಒಟ್ಟಿದಾಗ 54ನ್ನು 0.68ರಿಂದ ಭಾಗಿಸಬೇಕು, 79 ಘನ ಅಡಿಯ ಒಟ್ಟಿಲು ಸಿಗುತ್ತದೆ. ಕಳೆದುಹೋಯಿತು ಎಂದು ಜಗಳವಾಡುತ್ತಿರುವ 41 ಘನ ಅಡಿ ಇಡಿಯಾಗಿ ಗಾಳಿಯೇ.

ಜಗಳ ಅಲ್ಲಿಗೆ ಮುಗಿಯಬಹುದು. ಆದರೆ ಈ 65, 68, 70 ಎಂಬ ಅಂಕಿಗಳು ಎಲ್ಲಿಂದ ಬಂದವು, ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದು ಬೇರೆ ಮಾತು. ನನಗೆ ಕುತೂಹಲ ಇರುವುದು ಅಲ್ಲಿ.

ಮೊದಲು ಲೋಕದಲ್ಲೆಲ್ಲೂ ಇಲ್ಲದ ಸೌದೆಯನ್ನು ಕಲ್ಪಿಸಿಕೊಳ್ಳೋಣ. ಪ್ರತಿ ತುಂಡೂ ಕಡೆದ ಕಂಬದಂತೆ ದುಂಡು, ನೇರ, ಒಂದು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ದಪ್ಪ. ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಚೌಕಟ್ಟಿನೊಳಗೆ ಒಂದರ ನೆತ್ತಿಯ ಮೇಲೆ ಒಂದು ಬರುವಂತೆ ಜೋಡಿಸಿದರೆ ಸಾಲಿಗೆ ಹತ್ತರಂತೆ ಹತ್ತು ಸಾಲು, ಒಟ್ಟು ನೂರು ತುಂಡು. ಒಂದೊಂದರ ಮುಖ 78.5 ಚದರ ಸೆಂಟಿಮೀಟರ್. ನೂರಕ್ಕೆ 7,850, ಚೌಕಟ್ಟಿನ ಮುಖ 10,000. ಅಂದರೆ ಮರದ ಪಾಲು 0.785. ಈಗ ತುಂಡುಗಳನ್ನು ಐದು ಸೆಂಟಿಮೀಟರ್ ದಪ್ಪದವು ಮಾಡಿ. ನಾನೂರು ತುಂಡು ಹಿಡಿಯುತ್ತವೆ, ಒಂದೊಂದರ ಮುಖ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಉತ್ತರ ಮತ್ತೆ 0.785. ಇಪ್ಪತ್ತು ಸೆಂಟಿಮೀಟರ್ ದಪ್ಪಕ್ಕೂ ಅದೇ. ಎರಡನೇ ಸಾಲಿನ ತುಂಡನ್ನು ಕೆಳಗಿನ ಎರಡರ ನಡುವಿನ ಕುಳಿಗೆ ಕೂರಿಸಿ ಜೇನುಹುಟ್ಟಿನ ಕಣ್ಣುಗಳಂತೆ ಜೋಡಿಸಿದರೆ 0.907 ಆಗುತ್ತದೆ. ಒಂದೇ ದಪ್ಪದ ದುಂಡು ತುಂಡುಗಳನ್ನು ಅದಕ್ಕಿಂತ ಬಿಗಿಯಾಗಿ ಯಾರೂ ಒಟ್ಟಲಾರರು. ಅಲ್ಲಿಯೂ ದಪ್ಪಕ್ಕೆ ಯಾವ ಬೆಲೆಯೂ ಇಲ್ಲ.

ನಡುವೆ ಒಂದು ಮಾತು. 0.785 ಎಂಬ ಅಂಕಿ ನಾಟಾ ವ್ಯಾಪಾರದವರಿಗೆ ಹಳೆಯ ಪರಿಚಯ. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಕ್ರಮ ನಮ್ಮ ನಾಟಾ ಲೆಕ್ಕದಲ್ಲಿ ಬ್ರಿಟಿಷರ ಕಾಲದಿಂದ ಬಂದದ್ದು. ಹಾಗೆ ಲೆಕ್ಕ ಹಾಕಿದರೆ ದುಂಡು ದಿಮ್ಮಿಯ ನಿಜವಾದ ಗಾತ್ರದ 78.5 ಶೇಕಡಾ ಮಾತ್ರ ಬರುತ್ತದೆ. ನಾಟಾದಲ್ಲಿ ಮರವಿದ್ದೂ ಲೆಕ್ಕಕ್ಕೆ ಬರುವುದಿಲ್ಲ, ಸೌದೆಯಲ್ಲಿ ಮರವಿಲ್ಲದ್ದೂ ಲೆಕ್ಕಕ್ಕೆ ಬರುತ್ತದೆ. ಎರಡರ ಹಿಂದೆ ಇರುವುದೂ ಚೌಕಕ್ಕೂ ವೃತ್ತಕ್ಕೂ ಇರುವ ಒಂದೇ ಅಂತರ.

ಸರಿ, ದಪ್ಪಕ್ಕೆ ಬೆಲೆಯಿಲ್ಲ ಎಂದು ಗಣಿತ ಹೇಳುತ್ತದೆ. ಸೌದೆ ಒಟ್ಟಿದ ಯಾರನ್ನಾದರೂ ಕೇಳಿ, ದಪ್ಪ ತುಂಡುಗಳು ಬಿಗಿಯಾಗಿ ಕೂರುತ್ತವೆ, ಜಿಗ್ಗು ಸೌದೆ ಬರೀ ಟೊಳ್ಳು ಎನ್ನುತ್ತಾರೆ. ಅವರ ಮಾತೇ ನಿಜ. ಗಣಿತ ತಪ್ಪಿದ್ದಲ್ಲ, ನಾವು ಕಲ್ಪಿಸಿದ ಸೌದೆ ತಪ್ಪು. ಕಾಡಿನ ಮರಕ್ಕೆ ಗಂಟಿದೆ, ಕೊಂಬೆ ಕಡಿದ ಮೋಟಿದೆ, ಎದ್ದ ತೊಗಟೆಯಿದೆ, ಬುಡದಿಂದ ತುದಿಗೆ ಸಣ್ಣದಾಗುವ ಗುಣವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಸೊಟ್ಟ ಇದೆ. ಇವೆಲ್ಲ ಸೇರಿ ಪ್ರತಿ ತುಂಡೂ ತನ್ನ ಪಕ್ಕದವನನ್ನು ಸ್ವಲ್ಪ ದೂರ ತಳ್ಳುತ್ತದೆ.

ಆ ದೂರ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಹತ್ತು ಸೆಂಟಿಮೀಟರ್ ದಪ್ಪದ ತುಂಡು ಈಗ ಹನ್ನೊಂದು ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಹತ್ತನ್ನು ಹನ್ನೊಂದರಿಂದ ಭಾಗಿಸಿ ವರ್ಗ ಮಾಡಿದರೆ 0.826, ಅದನ್ನು 0.785ರಿಂದ ಗುಣಿಸಿದರೆ 0.65. ಅನುಭವಸ್ಥರು ಸಾಧಾರಣ ಸೌದೆಗೆ ಹೇಳುವ ಅಂಕಿಯೇ ಸಿಕ್ಕಿತು. ಇಪ್ಪತ್ತು ಸೆಂಟಿಮೀಟರಿನ ಕೊರಡಿಗೂ ಅದೇ ಒಂದು ಸೆಂಟಿಮೀಟರ್ ಕೊಟ್ಟರೆ 0.71. ಐದು ಸೆಂಟಿಮೀಟರಿನ ಕೊಂಬೆಗೆ ಕೊಟ್ಟರೆ 0.55ಕ್ಕಿಂತ ಒಂದು ಕೂದಲು ಕಡಿಮೆ. ಸೊಟ್ಟ ಎಲ್ಲಕ್ಕೂ ಒಂದೇ, ಆದರೆ ಸಣ್ಣ ತುಂಡಿಗೆ ಅದು ಮೈಯ ಐದನೇ ಒಂದು ಪಾಲು, ದೊಡ್ಡದಕ್ಕೆ ಇಪ್ಪತ್ತನೇ ಒಂದು ಪಾಲು. ನಿಜದಲ್ಲಿ ಕೊಂಬೆಗಳು ಕಾಂಡಕ್ಕಿಂತ ಹೆಚ್ಚು ಸೊಟ್ಟವೇ ಇರುವುದರಿಂದ ಜಿಗ್ಗಿನ ಒಟ್ಟಿಲಲ್ಲಿ ಮರದ ಪಾಲು ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ. ಒಂದೇ ಅಳತೆಯ ಎರಡು ಒಟ್ಟಿಲು, ಒಂದು ಅಕೇಶಿಯಾ ಕಾಂಡದ್ದು, ಇನ್ನೊಂದು ಅದೇ ಮರದ ಕೊಂಬೆಯದ್ದು, ಒಂದೇ ಬೆಲೆಗೆ ಕೊಡುತ್ತೇನೆಂದು ಯಾರಾದರೂ ಹೇಳಿದರೆ ಯಾವುದನ್ನು ಕೊಳ್ಳಬೇಕೆಂದು ಹೇಳಬೇಕಾಗಿಲ್ಲ.

ಸೊಟ್ಟಕ್ಕೆ ಇನ್ನೊಂದು ಗುಣವಿದೆ, ಅದು ಉದ್ದದ ಜೊತೆ ಬೆಳೆಯುತ್ತದೆ. ಬರೀ ಬೆಳೆಯುವುದಲ್ಲ, ಉದ್ದದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಎರಡು ಮೀಟರ್ ಉದ್ದದ, ಒಂದೇ ಹದವಾಗಿ ಬಾಗಿದ ಗಳುವನ್ನು ನೆಲಕ್ಕೆ ಇಟ್ಟು ಎರಡು ತುದಿಗೆ ದಾರ ಬಿಗಿಯಿರಿ. ನಡುವೆ ದಾರಕ್ಕೂ ಮರಕ್ಕೂ ಎಂಟು ಸೆಂಟಿಮೀಟರ್ ಸಂದು ಇದೆ ಎನ್ನೋಣ. ಅದನ್ನು ನಡುವೆ ಕತ್ತರಿಸಿದರೆ ಒಂದೊಂದು ತುಂಡಿನ ಸಂದು ನಾಲ್ಕು ಸೆಂಟಿಮೀಟರ್ ಅಲ್ಲ, ಎರಡು. ಮತ್ತೊಮ್ಮೆ ಅರ್ಧ ಮಾಡಿದರೆ ಅರ್ಧ ಸೆಂಟಿಮೀಟರ್. ಗಳುವಿನ ಮರ ಅಷ್ಟೇ ಇದೆ, ಗರಗಸದ ಪುಡಿ ಒಂದು ಹಿಡಿ ಹೋಯಿತು, ಆದರೆ ಒಟ್ಟಿಲು ಗಮನಕ್ಕೆ ಬರುವಷ್ಟು ಕುಗ್ಗುತ್ತದೆ.

ಇದರ ಬಿಸಿ ಚೆನ್ನಾಗಿ ತಟ್ಟಿದ್ದು ಫ್ರಾನ್ಸಿನವರಿಗೆ. ಕ್ರಾಂತಿಯ ನಂತರ 1795ರಲ್ಲಿ ಅವರು ಮೀಟರ್, ಲೀಟರ್, ಗ್ರಾಮ್ ಎಂದು ಹೊಸ ಅಳತೆಗಳನ್ನು ಕಾನೂನಿಗೆ ತಂದಾಗ ಸೌದೆಗೆಂದೇ ಒಂದು ಅಳತೆಯನ್ನು ಸೇರಿಸಿದರು. ಅದರ ಹೆಸರು ಸ್ಟೇರ್. ಒಂದು ಮೀಟರ್ ಉದ್ದದ ತುಂಡುಗಳನ್ನು ಒಂದು ಮೀಟರ್ ಅಗಲಕ್ಕೆ, ಒಂದು ಮೀಟರ್ ಎತ್ತರಕ್ಕೆ ಒಟ್ಟಿದರೆ ಒಂದು ಸ್ಟೇರ್. 1977ರ ಕೊನೆಗೆ ಕಾನೂನಿನಿಂದ ಹೊರಗೆ ಹಾಕಿದರೂ ಸೌದೆ ಮಾರುವವರ ಬಾಯಿಂದ ಅದು ಇಂದಿಗೂ ಹೋಗಿಲ್ಲ. ಕಷ್ಟವೇನೆಂದರೆ ಈಗಿನ ಒಲೆಗಳಿಗೆ ಮೀಟರ್ ಉದ್ದದ ತುಂಡು ಹಿಡಿಯುವುದಿಲ್ಲ, ಮೂವತ್ಮೂರು ಸೆಂಟಿಮೀಟರಿಗೆ ಕತ್ತರಿಸಿ ತಂದು ಹಾಕುತ್ತಾರೆ. ಒಂದು ಸ್ಟೇರಿಗೆ ಹಣ ಕೊಟ್ಟವನು ಮನೆಯಲ್ಲಿ ಒಟ್ಟಿ ಅಳೆದರೆ ಒಂದು ಘನ ಮೀಟರ್ ಇರುವುದಿಲ್ಲ. ಅದಕ್ಕೆಂದು ಅಲ್ಲಿ ಒಂದು ರೂಢಿಯ ಪಟ್ಟಿ ಇದೆ. ಮೀಟರ್ ತುಂಡಿನ ಒಂದು ಸ್ಟೇರ್ ಅನ್ನು ಐವತ್ತು ಸೆಂಟಿಮೀಟರಿಗೆ ಕತ್ತರಿಸಿ ಒಟ್ಟಿದರೆ 0.8 ಘನ ಮೀಟರ್, ಮೂವತ್ಮೂರಕ್ಕೆ ಕತ್ತರಿಸಿದರೆ 0.7, ಇಪ್ಪತ್ತೈದಕ್ಕೆ ಕತ್ತರಿಸಿದರೆ 0.6.

ಈ ಪಟ್ಟಿಯನ್ನು ಕಣ್ಣು ಮುಚ್ಚಿ ಒಪ್ಪುವ ಮುಂಚೆ ಒಂದು ಗಳಿಗೆ ನಿಲ್ಲಬೇಕು. ಮೊದಲಿನ ಸ್ಟೇರ್‌ನಲ್ಲಿ ಗಟ್ಟಿ ಮರ 0.65 ಘನ ಮೀಟರ್ ಇತ್ತು ಎಂದುಕೊಳ್ಳಿ. ಮೂವತ್ಮೂರಕ್ಕೆ ಕತ್ತರಿಸಿದ ಮೇಲೆ ಅಷ್ಟೂ ಮರ 0.7 ಘನ ಮೀಟರಿನಲ್ಲಿ ಕೂತಿತು ಅಂದರೆ ಮರದ ಪಾಲು ನೂರಕ್ಕೆ 93. ಕಡೆದ ಕಂಬಗಳನ್ನು ಅತ್ಯಂತ ಬಿಗಿಯಾಗಿ ಜೋಡಿಸಿದರೂ 90.7 ದಾಟುವುದಿಲ್ಲ ಎಂದು ಮೇಲೆ ನೋಡಿದೆವು. ಇಪ್ಪತ್ತೈದರ ತುಂಡಿಗೆ ಬಂದರೆ ಇನ್ನೂ ಚೋದ್ಯ, 0.65 ಘನ ಮೀಟರ್ ಮರ 0.6 ಘನ ಮೀಟರ್ ಜಾಗದಲ್ಲಿ ಕೂರಬೇಕು! ಹಾಗಾದರೆ ಪಟ್ಟಿ ಪೂರ್ತಿ ಸುಳ್ಳೇ? ಹಾಗೆಂದಲ್ಲ. ಮೊದಲಿನ ಸ್ಟೇರ್ ತೀರಾ ಸೊಟ್ಟ ಮರದ್ದಾಗಿ, ಅದರಲ್ಲಿ ಗಟ್ಟಿ ಮರ 0.45 ಮಾತ್ರ ಇದ್ದಿದ್ದರೆ, ಕತ್ತರಿಸಿದ ಮೇಲೆ 0.6ರಲ್ಲಿ ಕೂರುವುದು ಸಾಧ್ಯ. ಆಗ ಮರದ ಪಾಲು ನೂರಕ್ಕೆ 75. ನೇರವಾಗಿ ಬೆಳೆದ ಮರಕ್ಕೆ ಈ ಪಟ್ಟಿಯನ್ನು ಹಚ್ಚಿದರೆ ಮಾರುವವನಿಗೆ ಲಾಭ, ಕೊಳ್ಳುವವನಿಗೆ ನಷ್ಟ. ಜರ್ಮನರ ರೂಢಿ ನನಗೆ ಹೆಚ್ಚು ನಂಬಿಕೆಯದ್ದಾಗಿ ಕಾಣುತ್ತದೆ. ಅವರು ಮೀಟರ್ ತುಂಡಿನ ಒಟ್ಟಿಲಿಗೆ 0.7 ಹಿಡಿಯುತ್ತಾರೆ, ಮೂವತ್ಮೂರರ ಚಿಕ್ಕ ತುಂಡಿಗೆ ಸುಮಾರು 0.83. ಆ ಲೆಕ್ಕದಲ್ಲಿ ಒಂದು ಘನ ಮೀಟರ್ ಒಟ್ಟಿಲು ಕತ್ತರಿಸಿದ ಮೇಲೆ 0.84 ಘನ ಮೀಟರ್ ಆಗುತ್ತದೆ. ಫ್ರೆಂಚರ ಪಟ್ಟಿಯ 0.7ಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಇಂಥ ಯಾವ ಅಂಕಿ ಕೈಗೆ ಬಂದರೂ ಮೊದಲು ಅದು ಎಂಥ ಮರದ್ದು, ಎಷ್ಟು ಉದ್ದದ ತುಂಡಿನದ್ದು ಎಂದು ಕೇಳಬೇಕು. ಅದಿಲ್ಲದೆ 0.7 ಎಂಬುದಕ್ಕೆ ಅರ್ಥವಿಲ್ಲ.

ಗರಗಸ ಒಟ್ಟಿಲನ್ನು ಕುಗ್ಗಿಸುತ್ತದೆ, ಕೊಡಲಿ ಸಾಮಾನ್ಯವಾಗಿ ಹಿಗ್ಗಿಸುತ್ತದೆ. ದುಂಡು ಕೊರಡು ತನ್ನೊಳಗೆ ಪೂರ್ತಿ ಗಟ್ಟಿ. ಅದನ್ನು ನಾಲ್ಕು ಸೀಳು ಮಾಡಿದ ಮೇಲೆ ಆ ನಾಲ್ಕೂ ಮತ್ತೆ ಮೊದಲಿನ ಹಾಗೆ ಮುಖಕ್ಕೆ ಮುಖ ಕೂಡಿಕೊಂಡು ಒಟ್ಟಿಲಿಗೆ ಹೋಗುವುದಿಲ್ಲ. ಒಂದು ಇಲ್ಲಿ, ಇನ್ನೊಂದು ಅಲ್ಲಿ, ಮೂಲೆ ಮೇಲಾಗಿ, ತೊಗಟೆ ಪಕ್ಕಕ್ಕಾಗಿ. ಸೀಳಿದ ಮುಖ ಹಲಗೆಯಂತೆ ಚಪ್ಪಟೆ ಇರುವುದೂ ಇಲ್ಲ, ನಾರು ತಿರುಚಿದ ಕಡೆ ಅದೂ ತಿರುಚಿರುತ್ತದೆ. ಕೊರಡಿನ ಒಟ್ಟಿಲನ್ನು ಅಳೆದು ಬೆಲೆ ಮಾತಾಡಿ, ಸೀಳಿದ ಮೇಲೆ ಮತ್ತೆ ಅಳೆದು ಹಣ ಕೇಳುವವರಿದ್ದರೆ ಅವರು ಪೆದ್ದರಲ್ಲ.

ಹಾಗಾದರೆ ನಮ್ಮ ಅಂಗಳದ ಒಟ್ಟಿಲಲ್ಲಿ ಇರುವ ಮರ ಎಷ್ಟು ಎಂದು ತಿಳಿಯುವುದು ಹೇಗೆ? ಒಂದು ಉದಾಹರಣೆ ಹಿಡಿದು ಕೊನೆತನಕ ಹೋಗೋಣ. ಒಟ್ಟಿಲು ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, ತುಂಡುಗಳು ಒಂದು ಮೀಟರಿನವು. ಪಟ್ಟಿಯ ಅಳತೆ 4.5 ಘನ ಮೀಟರ್.

ಸುಲಭದ ದಾರಿಗೆ ಒಂದು ಅಳತೆಪಟ್ಟಿ ಸಾಕು. ಒಟ್ಟಿಲಿನ ಮುಖದ ಮೇಲೆ ಕೆಳಗಿನ ಒಂದು ಮೂಲೆಯಿಂದ ಮೇಲಿನ ಎದುರು ಮೂಲೆಗೆ ಪಟ್ಟಿಯನ್ನು ಓರೆಯಾಗಿ ಬಿಗಿಯಬೇಕು. ಇಲ್ಲಿ ಅದು 335 ಸೆಂಟಿಮೀಟರ್ ಬರುತ್ತದೆ. ಪಟ್ಟಿ ಮರದ ಮೇಲೆ ಹಾಯುವ ಜಾಗಗಳನ್ನಷ್ಟೇ ಕೂಡಿಸುತ್ತ ಹೋಗಬೇಕು, ಸಂದುಗಳನ್ನು ಬಿಡಬೇಕು. ಇನ್ನೊಂದು ಓರೆಗೂ ಹಾಗೆಯೇ, ಹಿಂದಿನ ಮುಖದ ಎರಡು ಓರೆಗಳಿಗೂ ಹಾಗೆಯೇ. ನಾಲ್ಕೂ ಸೇರಿ 1,340 ಸೆಂಟಿಮೀಟರಿನಲ್ಲಿ 880 ಮರದ ಮೇಲೆ ಬಂತು ಎನ್ನೋಣ. 880ನ್ನು 1,340ರಿಂದ ಭಾಗಿಸಿದರೆ 0.66. ಒಟ್ಟಿಲಿನ ಮರ 4.5 ಗುಣಿಸು 0.66, ಸುಮಾರು 2.97 ಘನ ಮೀಟರ್.

ಒಂದು ಗೆರೆಯ ಅಳತೆ ಇಡೀ ಗಾತ್ರದ ಲೆಕ್ಕ ಹೇಗೆ ಕೊಡುತ್ತದೆ ಎಂದು ಅನುಮಾನ ಬರುವುದು ಸಹಜ. ಇದು ಸೌದೆಯವರು ಕಂಡುಕೊಂಡದ್ದಲ್ಲ, ಕಲ್ಲಿನವರದ್ದು. ಬಂಡೆಯೊಂದರಲ್ಲಿ ಒಂದೊಂದು ಖನಿಜ ಎಷ್ಟೆಷ್ಟು ಪಾಲಿದೆ ಎಂದು ತಿಳಿಯಲು ಫ್ರಾನ್ಸಿನ ಭೂವಿಜ್ಞಾನಿ ಡೆಲೆಸ್ 1847ರಲ್ಲಿ, ಕತ್ತರಿಸಿದ ಮುಖದ ಮೇಲಿನ ವಿಸ್ತಾರದ ಪಾಲೇ ಗಾತ್ರದ ಪಾಲು ಎಂದು ತೋರಿಸಿದ. ವಿಸ್ತಾರವೂ ಬೇಡ, ಅಡ್ಡಾದಿಡ್ಡಿ ಎಳೆದ ಗೆರೆಗಳ ಉದ್ದದ ಪಾಲು ಸಾಕು ಎಂದು ಆಸ್ಟ್ರಿಯಾದ ರೋಸಿವಾಲ್ 1898ರಲ್ಲಿ ಹೇಳಿದ. ಅದಕ್ಕೆ ಒಂದು ಷರತ್ತು ಇದೆ, ಗೆರೆ ಒಳಗಿರುವುದನ್ನು ಪಕ್ಷಪಾತವಿಲ್ಲದೆ ಮುಟ್ಟಬೇಕು. ಪಟ್ಟಿಯನ್ನು ಅಡ್ಡಕ್ಕೆ ನೇರವಾಗಿ ಹಿಡಿಯಬಾರದು ಎನ್ನುವುದು ಅದಕ್ಕೇ. ಹಾಗೆ ಹಿಡಿದರೆ ಅದು ಒಂದೇ ಸಾಲಿನ ತುಂಡುಗಳ ಹೊಟ್ಟೆಯ ಮೇಲೆ ಹಾದು ಮರವನ್ನೇ ಹೆಚ್ಚು ತೋರಿಸಬಹುದು, ಇಲ್ಲವೇ ಎರಡು ಸಾಲಿನ ನಡುವೆ ಹಾದು ಸಂದನ್ನೇ ತೋರಿಸಬಹುದು.

ಈಗ ಇದೇ ಒಟ್ಟಿಲನ್ನು ಕಷ್ಟದ ದಾರಿಯಲ್ಲಿ ನೋಡೋಣ. ಕಷ್ಟದ್ದಾದರೂ ಇದೇ ಹೆಚ್ಚು ನಿಖರ. ಸೌದೆಯಲ್ಲಿ ದಪ್ಪ, ಸಣ್ಣ, ನೇರ, ಸೊಟ್ಟ ಎಲ್ಲ ಬಗೆಯವೂ ಇರುವಂತೆ ಕೆಲವು ತುಂಡು ಆರಿಸಿ ತೂಗಬೇಕು. 36 ಕಿಲೋ ಬಂತು. ಬಾಯಿತನಕ ನೀರು ತುಂಬಿದ ಡ್ರಮ್ಮಿಗೆ ಅವನ್ನು ಒಂದೊಂದಾಗಿ ಇಳಿಸಬೇಕು. ತುಂಡು ತೇಲುತ್ತದೆ, ಅದನ್ನು ತೆಳ್ಳಗಿನ ಸರಳಿನಿಂದ ಪೂರ್ತಿ ಮುಳುಗುವಂತೆ ಒತ್ತಿ, ಹೊರಗೆ ಚೆಲ್ಲಿದ ನೀರನ್ನು ಹಿಡಿದು ಅಳೆಯಬೇಕು. ಎಲ್ಲ ಸೇರಿ 48 ಲೀಟರ್ ಚೆಲ್ಲಿತು. ಅಂದರೆ ಆ 36 ಕಿಲೋ ಸೌದೆಯ ಗಟ್ಟಿ ಗಾತ್ರ 48 ಲೀಟರ್. ಇನ್ನು ಇಡೀ ಒಟ್ಟಿಲನ್ನು ತೂಗಬೇಕು, ಗಾಡಿಗೆ ಹೇರುವಾಗ ವೇಬ್ರಿಡ್ಜಿನಲ್ಲಿ ತೂಗಿದರೆ ಆಯಿತು. 2,130 ಕಿಲೋ ಬಂತು. 2,130ನ್ನು 36ರಿಂದ ಭಾಗಿಸಿ 48ರಿಂದ ಗುಣಿಸಿದರೆ 2,840 ಲೀಟರ್, ಎಂದರೆ 2.84 ಘನ ಮೀಟರ್. 4.5ಕ್ಕೆ ಇದು 0.63.

ನೀರು ತೋರಿಸಿದ್ದು 0.63, ಪಟ್ಟಿ ತೋರಿಸಿದ್ದು 0.66. ಇಂಥ ಅಂತರ ಬಂದರೆ ಪಟ್ಟಿಯ ಕಡೆಗೇ ಅನುಮಾನ ಪಡಬೇಕು. ಒಟ್ಟುವವರು ಮುಖ ಚಂದ ಕಾಣಲೆಂದು ತುದಿಗಳನ್ನು ಸಮ ಮಾಡಿ ಕೂರಿಸುತ್ತಾರೆ. ಬಾಗಿದ ತುಂಡುಗಳ ತುದಿ ಒಂದಕ್ಕೊಂದು ತಾಗಿದರೂ ನಡುವೆ ಹೊಟ್ಟೆ ದೂರ ಇರುತ್ತದೆ, ಅದು ಮುಖದಲ್ಲಿ ಕಾಣುವುದಿಲ್ಲ. ಗರಗಸ ಓರೆಯಾಗಿ ಹರಿದ ತುಂಡಿನ ಮುಖ ಅದರ ನಿಜವಾದ ದಪ್ಪಕ್ಕಿಂತ ಉದ್ದನೆ ಕಾಣುತ್ತದೆ. ಕೆಲವು ತುಂಡು ಮೀಟರಿಗೆ ಐದಾರು ಸೆಂಟಿಮೀಟರ್ ಗಿಡ್ಡ ಇರುತ್ತವೆ, ಮುಂದಕ್ಕೆ ಎಳೆದು ಕೂರಿಸಿದರೆ ಹಿಂದೆ ಖಾಲಿ. ನೀರಿನ ಅಳತೆಗೆ ಇವು ಯಾವುದೂ ಮೋಸ ಮಾಡಲಾರವು, ಅದಕ್ಕೆ ಬೇರೆಯೇ ಎಚ್ಚರ ಬೇಕು. ಮಾದರಿಯ ತುಂಡುಗಳೂ ಒಟ್ಟಿಲೂ ಒಂದೇ ದಿನ, ಒಂದೇ ಹಸಿಯಲ್ಲಿ ತೂಗಿರಬೇಕು. ಒಣಗಿದ ತುದಿಗಳನ್ನು ಮಾದರಿಗೆ ಆರಿಸಿ, ಬುಡದ ಹಸಿ ಕೊರಡುಗಳನ್ನು ಒಟ್ಟಿಲಲ್ಲಿ ಬಿಟ್ಟರೆ ಮರ ಇರುವುದಕ್ಕಿಂತ ಹೆಚ್ಚು ಬರುತ್ತದೆ. ತುಂಡನ್ನು ನೀರಿನಲ್ಲಿ ಮರೆತು ಬಿಡಬಾರದು, ಒಣ ಮರ ನೀರು ಕುಡಿಯುತ್ತದೆ. ಎರಡು ದಾರಿಯಲ್ಲೂ ತೊಗಟೆ ಲೆಕ್ಕದೊಳಗೇ ಇದೆ ಎಂಬುದನ್ನು ನೆನಪಿಡಬೇಕು. ಉರಿಸುವವನಿಗೆ ಅದರ ಚಿಂತೆಯಿಲ್ಲ, ಕಾಗದದ ಗಿರಣಿಗೆ ಮಾರುವವನಿಗೆ ಇದೆ.

ಹಾಗಿದ್ದರೆ ತೂಕಕ್ಕೇ ಕೊಳ್ಳಬಾರದೇ, ಈ ಗಾಳಿಯ ತಂಟೆಯೇ ಇಲ್ಲವಲ್ಲ ಎನ್ನಬಹುದು. ಈಗ ಕಡಿದ ಮರದ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಅಳತೆಗೆ ಕೊಂಡರೆ ಗಾಳಿಗೆ ದುಡ್ಡು, ತೂಕಕ್ಕೆ ಕೊಂಡರೆ ನೀರಿಗೆ ದುಡ್ಡು. ಗಾಳಿಯನ್ನಾದರೂ ಕಣ್ಣಿಂದ ನೋಡಬಹುದು ಎಂದು ನನಗೆ ಅಳತೆಯೇ ವಾಸಿ ಅನ್ನಿಸುತ್ತದೆ. ಒಟ್ಟಿಲಿನ ಹಿಂದೆ ಬೆಳಕಿದ್ದಾಗ ಮುಂದೆ ನಿಂತು ನೋಡಿದರೆ ಎಲ್ಲೆಲ್ಲಿ ಬೆಳಕು ಹಾಯುತ್ತದೆ ಎಂದು ತಿಳಿಯುತ್ತದೆ. ಮುಷ್ಟಿ ಹಿಡಿದ ಕೈ ಸಲೀಸಾಗಿ ಒಳಗೆ ಹೋಗುವ ಸಂದು ಒಂದೆರಡಲ್ಲ, ಸಾಲಾಗಿ ಇದ್ದರೆ ಒಳಗೆ ಕವಲು ತುಂಡೋ ಅಡ್ಡ ತುಂಡೋ ಕೂತಿದೆ ಎಂದೇ ತಿಳಿಯಬೇಕು.

ಮರದ ಪಾಲನ್ನು ಬಿಟ್ಟು, ಹೊರಗಿನ ಅಳತೆಯಲ್ಲೇ ತಪ್ಪುವ ಜಾಗಗಳೂ ಇವೆ. ನಮ್ಮ ಕಡೆ ಸಪಾಟು ನೆಲ ಸಿಗುವುದೇ ಅಪರೂಪ, ಒಟ್ಟಿಲು ಇಳಿಜಾರಿನಲ್ಲೇ ನಿಲ್ಲುತ್ತದೆ. ಅಲ್ಲಿ ಉದ್ದವನ್ನು ನೆಲದ ಇಳಿಜಾರಿನ ಜೊತೆ ಅಳೆದು, ಎತ್ತರವನ್ನು ತೂಗುದಾರದಂತೆ ನೇರ ಮೇಲಕ್ಕೆ ಅಳೆದು ಗುಣಿಸುವುದು ಎಲ್ಲರೂ ಮಾಡುವ ಕೆಲಸ. ಅದು ತಪ್ಪು. ಎತ್ತರ ನೇರ ಮೇಲಕ್ಕಾದರೆ ಉದ್ದ ಅಡ್ಡಮಟ್ಟದಲ್ಲಿರಬೇಕು, ಉದ್ದ ಇಳಿಜಾರಿನ ಜೊತೆಗಾದರೆ ಎತ್ತರ ಆ ಇಳಿಜಾರಿಗೆ ಮೂಲೆಮಟ್ಟದಲ್ಲಿರಬೇಕು. ಮೀಟರಿಗೆ ಒಂದಡಿಗಿಂತ ತುಸು ಹೆಚ್ಚು ಏರುವ, ಅಂದರೆ ಇಪ್ಪತ್ತು ಡಿಗ್ರಿಯ ಧರೆಯಲ್ಲಿ ನಮ್ಮ 4.5 ಘನ ಮೀಟರಿನ ಒಟ್ಟಿಲು ನಿಂತಿದ್ದರೆ ಅದು ನಿಜದಲ್ಲಿ 4.23 ಮಾತ್ರ. ನೂರಕ್ಕೆ ಆರು ಪಾಲು ನೆಲದ ಓರೆಯಲ್ಲೇ ಹೋಯಿತು. ಇನ್ನು ಗೂಟ ಹುಗಿಯದೆ, ಎರಡು ಕೊನೆಗೆ ತುಂಡುಗಳನ್ನು ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಇಟ್ಟು ಗೋಪುರದಂತೆ ಎಬ್ಬಿಸುವ ಪದ್ಧತಿ ಇದೆ. ಒಟ್ಟಿಲು ಬೀಳದಂತೆ ಹಿಡಿಯಲು ಅದು ಒಳ್ಳೆಯದೇ. ಆದರೆ ಅಡ್ಡ ಸಾಲು ಕೆಳಗಿನ ಸಾಲಿನ ಕುಳಿಗಳಲ್ಲಿ ಕೂರುವುದಿಲ್ಲ, ಅದರ ಬೆನ್ನ ಮೇಲೆ ನಿಲ್ಲುತ್ತದೆ, ಹಾಗಾಗಿ ಆ ಭಾಗದಲ್ಲಿ ಮರ ಕಡಿಮೆ. ಚಿಕ್ಕ ಒಟ್ಟಿಲಲ್ಲಿ ಎರಡು ಕೊನೆಗಳೇ ಅರ್ಧ ಉದ್ದ ತಿನ್ನುತ್ತವೆ. ಅಲ್ಲಿ ಓರೆಪಟ್ಟಿಯ ಲೆಕ್ಕವನ್ನು ಕೊನೆಗಳಿಗೆ ಬೇರೆ, ನಡುವಿಗೆ ಬೇರೆ ಮಾಡುವುದು ಕ್ಷೇಮ.

ಒಣಗುವಾಗ ಆಗುವುದನ್ನೂ ಹೇಳಿಬಿಡಬೇಕು, ಏಕೆಂದರೆ ಹಸಿಯಲ್ಲಿ ಅಳೆದು ಕೊಟ್ಟ ಒಟ್ಟಿಲನ್ನು ಬೇಸಿಗೆ ಕಳೆದ ಮೇಲೆ ಅಳೆದು ಕಡಿಮೆ ಬಂತು ಎನ್ನುವವರಿದ್ದಾರೆ. ಹಸಿ ಮರ ಮೊದಮೊದಲು ಎಷ್ಟು ನೀರು ಬಿಟ್ಟರೂ ಗಾತ್ರದಲ್ಲಿ ಬದಲಾಗುವುದಿಲ್ಲ, ಆ ನೀರು ಕೊಳವೆಗಳೊಳಗೆ ಸುಮ್ಮನೆ ತುಂಬಿಕೊಂಡಿದ್ದದ್ದು. ಒಣ ಮರದ ತೂಕದ ನೂರಕ್ಕೆ ಮೂವತ್ತರ ಸುಮಾರಿಗೆ ನೀರು ಇಳಿದ ಮೇಲೆ, ಮರದ ಗೋಡೆಗಳೊಳಗಿನ ನೀರು ಹೋಗಲು ಶುರುವಾದಾಗ, ಮರ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಲ್ಲವೂ ದಪ್ಪದಲ್ಲೇ. ಒಲೆಗೆ ಹದವಾಗುವಷ್ಟು ಒಣಗುವ ಹೊತ್ತಿಗೆ ಗಾತ್ರದಲ್ಲಿ ನೂರಕ್ಕೆ ಐದಾರು ಪಾಲು ಇಳಿದಿರುತ್ತದೆ. ಒಂದೂವರೆ ಮೀಟರಿನ ಒಟ್ಟಿಲು ನಾಲ್ಕರಿಂದ ಎಂಟು ಸೆಂಟಿಮೀಟರ್ ಕೂರುವುದು ಅದಕ್ಕೇ. ಹಸಿ ಒಟ್ಟಿಲನ್ನು ಒಪ್ಪಿದ ಎತ್ತರಕ್ಕಿಂತ ನಾಲ್ಕು ಬೆರಳು ಹೆಚ್ಚು ಏರಿಸಿ ಕೊಡುವ ರೂಢಿ ಇದ್ದಲ್ಲಿ ಅದು ಧಾರಾಳವಲ್ಲ, ಲೆಕ್ಕ. ಮರದ ಜೊತೆ ಸಂದುಗಳೂ ಕುಗ್ಗುವುದರಿಂದ 0.63 ಎಂಬ ಪಾಲು ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಎರಡು ಗೂಟಗಳ ನಡುವೆ ಬಿಗಿಯಾಗಿ ಒಟ್ಟಿದ್ದರೆ ಹಾಗಲ್ಲ, ಅಡ್ಡಕ್ಕೆ ಸಡಿಲವಾದ ತುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತುಬಿಡುತ್ತವೆ, ಕೆಳಗೆ ಇಳಿಯುವುದಿಲ್ಲ. ಆಗ ಪಾಲು ಒಂದೆರಡು ಅಂಕ ಕೆಳಗೆ ಹೋಗುತ್ತದೆ. ಅಳೆಯುವ ಮುಂಚೆ ಗೂಟಕ್ಕೆ ಕೊರಡಿನಿಂದ ನಾಲ್ಕು ಪೆಟ್ಟು ಹಾಕಿದರೆ ಸಾಕು, ಸಿಕ್ಕಿಕೊಂಡವು ಜಾರಿ ಕೂರುತ್ತವೆ.